ಗಿರಿ ಮಾರುತ ಮತ್ತು ಕಣಿವೆ ಮಾರುತ

ಬೆಟ್ಟಸಾಲುಗಳ ನಡುವೆ ಹಗಲು ಮೇಲ್ಮುಖವಾಗಿಯೂ ರಾತ್ರಿ ಕೆಳಮುಖವಾಗಿಯೂ ಬೀಸುವ, ದಿನಕ್ಕೆರಡು ಬಾರಿ ದಿಕ್ಕು ಬದಲಿಸುವ ಸ್ಥಳೀಯ ಗಾಳಿಗಳು. ಗಾಳಿಯನ್ನು ಅದು ಹೊರಟುಬಂದ ಕಡೆಯ ಹೆಸರಿನಿಂದ ಕರೆಯುವುದು ಪವನಶಾಸ್ತ್ರದ ವಾಡಿಕೆ. ಹಾಗಾಗಿ ಹಗಲು ಕಣಿವೆಯಿಂದ ಬೆಟ್ಟದತ್ತ ಏರುವುದು ಕಣಿವೆ ಮಾರುತ, ರಾತ್ರಿ ಬೆಟ್ಟದಿಂದ ಇಳಿದು ಬರುವುದು ಗಿರಿ ಮಾರುತ. ಆಕಾಶ ತಿಳಿಯಾಗಿದ್ದು, ದೇಶವ್ಯಾಪಿಯಾದ ದೊಡ್ಡ ಗಾಳಿಗಳು ಮಂದವಾಗಿರುವ ದಿನಗಳಲ್ಲಿ ಇವು ಚೆನ್ನಾಗಿ ಕಾಣಿಸಿಕೊಳ್ಳುತ್ತವೆ. ಬೆಟ್ಟದ ತಲೆಯ ಮೇಲೆ ಮಧ್ಯಾಹ್ನ ಮೋಡ ಕಟ್ಟುವುದು, ಕಣಿವೆಯ ತಳದಲ್ಲಿ ಬೆಳಗಿನ ಹೊತ್ತು ಮಂಜು ನಿಲ್ಲುವುದು, ತಗ್ಗಿನ ತೋಟ ಹಿಮಕ್ಕೆ ಸುಟ್ಟರೂ ಓರೆಯ ತೋಟ ಉಳಿಯುವುದು, ಪರ್ವತ ನಗರಗಳ ಮೇಲೆ ಚಳಿಗಾಲದ ಹೊಗೆ ಕವಿಯುವುದು ಎಲ್ಲಕ್ಕೂ ಈ ಗಾಳಿಗಳಿಗೂ ನೇರ ಸಂಬಂಧವಿದೆ.

ಶಾಲೆಯ ಪುಸ್ತಕಗಳು ಇದನ್ನು ಎರಡು ಸಾಲಿನಲ್ಲಿ ಮುಗಿಸುತ್ತವೆ: ಬಿಸಿಲಿಗೆ ಬೆಟ್ಟದ ಮೈ ಕಾಯುತ್ತದೆ, ಬಿಸಿಯಾದ ಗಾಳಿ ಮೇಲೇರುತ್ತದೆ, ರಾತ್ರಿ ಮೈ ತಣಿಯುತ್ತದೆ, ತಂಪು ಗಾಳಿ ಜಾರಿ ಇಳಿಯುತ್ತದೆ. ಇದು ತಪ್ಪಲ್ಲ, ಆದರೆ ಇಷ್ಟರಿಂದ ವಿವರಿಸಲಾಗುವುದು ಇಳಿಜಾರಿಗೆ ಅಂಟಿಕೊಂಡು ಸಾಗುವ ತೆಳುಗಾಳಿಯನ್ನು ಮಾತ್ರ. ನೂರಾರು ಕಿಲೊಮೀಟರ್ ಉದ್ದದ ಕಣಿವೆಯ ಗುಂಟ ಮಧ್ಯಾಹ್ನ ಎದ್ದು ಬರುವ, ಮರಗಳನ್ನು ಬಾಗಿಸುವ ಗಾಳಿಗೆ ಕಾರಣ ಬೇರೆಯೇ ಇದೆ.

ಓರೆಯ ಗಾಳಿ

ಬೆಟ್ಟದ ತುದಿ ತಪ್ಪಲಿಗಿಂತ ತಂಪು. ಹಾಗಿರುವಾಗ ಬಿಸಿಗಾಳಿ ಅಲ್ಲಿಗೇಕೆ ಹೋಗಬೇಕು ಎಂಬ ಪ್ರಶ್ನೆ ಸಹಜ. ಇಲ್ಲಿ ಹೋಲಿಸಬೇಕಾದುದು ತುದಿಯನ್ನೂ ತಳವನ್ನೂ ಅಲ್ಲ, ಒಂದೇ ಎತ್ತರದ ಎರಡು ಜಾಗಗಳನ್ನು. ಕಣಿವೆಯ ತಳದಿಂದ 1,000 ಮೀಟರ್ ಮೇಲಿರುವ ಓರೆಯೊಂದನ್ನು ತೆಗೆದುಕೊಳ್ಳೋಣ. ಬಿಸಿಲು ಬಿದ್ದ ನೆಲ ತನಗೆ ತಾಗಿದ ಗಾಳಿಯನ್ನು ಕಾಯಿಸುತ್ತದೆ. ಅದೇ ಎತ್ತರದಲ್ಲಿ, ಕಣಿವೆಯ ನಡುವಿನ ಬಯಲು ಆಕಾಶದಲ್ಲಿರುವ ಗಾಳಿಯನ್ನು ಕಾಯಿಸಲು ಹತ್ತಿರದಲ್ಲಿ ನೆಲವೇ ಇಲ್ಲ. ಓರೆಗೆ ತಾಗಿದ ಗಾಳಿ ಪಕ್ಕದ ಗಾಳಿಗಿಂತ ಎರಡು ಮೂರು ಡಿಗ್ರಿ ಬೆಚ್ಚಗಾದರೂ ಸಾಕು, ಅದು ಅಷ್ಟರಮಟ್ಟಿಗೆ ಹಗುರವಾಗಿ ಮೇಲೇಳುತ್ತದೆ. ಏರುವ ಗಾಳಿ ಪ್ರತಿ 100 ಮೀಟರಿಗೆ ಸುಮಾರು 1 ಡಿಗ್ರಿ ಸೆಲ್ಸಿಯಸ್‌ನಂತೆ ತಣಿಯುತ್ತದೆ. ಆದರೆ ದಾರಿಯುದ್ದಕ್ಕೂ ಬಿಸಿ ನೆಲ ಕಾಯಿಸುತ್ತಲೇ ಇರುವುದರಿಂದ, ತಾನು ತಲುಪಿದ ಪ್ರತಿ ಎತ್ತರದಲ್ಲೂ ಅದು ಪಕ್ಕದ ಗಾಳಿಗಿಂತ ತುಸು ಬೆಚ್ಚಗೇ ಉಳಿಯುತ್ತದೆ.

ರಾತ್ರಿ ಇದೇ ಕ್ರಿಯೆ ತಲೆಕೆಳಗಾಗುತ್ತದೆ. ನೆಲ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟು ತಣಿದಾಗ ಅದಕ್ಕೆ ತಾಗಿದ ಗಾಳಿಯೂ ತಣಿದು ಭಾರವಾಗಿ ಓರೆಯಲ್ಲಿ ಜಾರುತ್ತದೆ. ಜರ್ಮನಿಯ ಲುಡ್ವಿಗ್ ಪ್ರಾಂಟ್ಲ್ 1942ರಲ್ಲಿ ಈ ಚಲನೆಗೆ ಸರಳವಾದ ಗಣಿತ ರೂಪ ಕೊಟ್ಟ. ಗಾಳಿಯ ವೇಗ ನೆಲಕ್ಕೆ ತಾಗಿದಲ್ಲಿ ಸೊನ್ನೆ, ಸ್ವಲ್ಪ ಮೇಲೆ ಗರಿಷ್ಠ, ಅಲ್ಲಿಂದ ಮೇಲಕ್ಕೆ ಮತ್ತೆ ಕುಗ್ಗುತ್ತ ಹೋಗುತ್ತದೆ ಎಂದು ಅದು ಹೇಳುತ್ತದೆ. ಅಳತೆಗಳೂ ಬಹುಮಟ್ಟಿಗೆ ಹೀಗೇ ಇವೆ. ಹಗಲಿನ ಏರುಗಾಳಿಯ ದಪ್ಪ ಹಲವು ಹತ್ತು ಮೀಟರಿನಿಂದ ನೂರಿನ್ನೂರು ಮೀಟರಿನವರೆಗೆ, ವೇಗ ಸೆಕೆಂಡಿಗೆ 1ರಿಂದ 5 ಮೀಟರ್. ರಾತ್ರಿಯ ಇಳಿಗಾಳಿ ಇನ್ನೂ ತೆಳು. ಅದರ ಅತಿ ಹೆಚ್ಚಿನ ವೇಗ ಅನೇಕ ಸಲ ನೆಲದಿಂದ ಕೆಲವೇ ಮೀಟರ್ ಎತ್ತರದಲ್ಲಿರುತ್ತದೆ. ಸಂಜೆ ಬೆಟ್ಟದ ಓರೆಯಲ್ಲಿ ನಿಂತವರ ಕಾಲಿಗೆ ತಣ್ಣಗೆ ತಾಗಿ ಮುಖಕ್ಕೆ ತಾಗದಿರುವ ಗಾಳಿ ಇದೇ. ಹತ್ತು ಮೀಟರ್ ಎತ್ತರದ ಕಂಬಕ್ಕೆ ಕಟ್ಟಿದ ಮಾಪಕ ಎಷ್ಟೋ ವೇಳೆ ಇದನ್ನು ಹಿಡಿಯುವುದೇ ಇಲ್ಲ.

ಕಣಿವೆಗುಂಟದ ಗಾಳಿ

ದೊಡ್ಡ ಗಾಳಿಯ ಗುಟ್ಟನ್ನು 1930ರ ದಶಕದಲ್ಲಿ ಬಿಡಿಸಿದವನು ಆಸ್ಟ್ರಿಯಾದ ಆರ್ಟುರ್ ವಾಗ್ನರ್. ಇನ್ಸ್‌ಬ್ರುಕ್ ನಗರವಿರುವ ಇನ್ ನದಿಯ ಕಣಿವೆ, ಅದು ತೆರೆದುಕೊಳ್ಳುವ ಬವೇರಿಯಾದ ಬಯಲು ಇವೆರಡರ ಉಷ್ಣತೆ ಮತ್ತು ಒತ್ತಡಗಳನ್ನು ಹೋಲಿಸಿದಾಗ ಒಂದು ಸಂಗತಿ ಸ್ಪಷ್ಟವಾಯಿತು: ಹಗಲಿನಲ್ಲಿ ಕಣಿವೆಯೊಳಗಿನ ಗಾಳಿ ಬಯಲಿನ ಮೇಲಿನ ಗಾಳಿಗಿಂತ ಹೆಚ್ಚು ಕಾಯುತ್ತದೆ, ರಾತ್ರಿ ಅದಕ್ಕಿಂತ ಹೆಚ್ಚು ತಣಿಯುತ್ತದೆ.

ಇದರ ಮುಖ್ಯ ಕಾರಣ ಬೆಟ್ಟಗಳು ಜಾಗ ಹಿಡಿಯುವುದು. ಬಯಲಿನ ಮೇಲೆ ಒಂದು ಚದರ ಕಿಲೊಮೀಟರ್ ಅಗಲದ, 2,000 ಮೀಟರ್ ಎತ್ತರದ ಗಾಳಿಯ ಕಂಬವಿದೆ ಎಂದುಕೊಳ್ಳಿ. ಅಷ್ಟೇ ಅಗಲದ ಬಾಯಿಯುಳ್ಳ, ಅಷ್ಟೇ ಆಳದ ಕಣಿವೆಯ ಮೇಲೂ ಬೀಳುವ ಬಿಸಿಲು ಅಷ್ಟೇ. ಆದರೆ ಕಣಿವೆಯ ಅಡ್ಡಕೊಯ್ತ ತ್ರಿಕೋನಾಕಾರವಾಗಿದ್ದರೆ ಅದರೊಳಗಿರುವ ಗಾಳಿ ಬಯಲಿನ ಕಂಬದ ಅರ್ಧ ಮಾತ್ರ, ಉಳಿದರ್ಧ ಕಲ್ಲುಮಣ್ಣು. ಅಷ್ಟೇ ಶಾಖ ಅರ್ಧದಷ್ಟು ಗಾಳಿಗೆ ಹಂಚಿಕೆಯಾದಾಗ ಉಷ್ಣತೆ ಎರಡರಷ್ಟು ಏರಬೇಕು. ಓರೆಗೆ ತಾಗಿದ ತೆಳುಪದರದ ಶಾಖ ಕಣಿವೆಯ ನಡುವಿಗೆ ತಲುಪುವುದು ಹೇಗೆಂದರೆ, ಓರೆಗಳಲ್ಲಿ ಗಾಳಿ ಮೇಲೇರಿದಷ್ಟೂ ಅದರ ಜಾಗ ತುಂಬಲು ಕಣಿವೆಯ ನಡುವೆ ಮೇಲಿನ ಗಾಳಿ ನಿಧಾನವಾಗಿ ಕೆಳಗಿಳಿಯುತ್ತದೆ. ಇಳಿಯುವ ಗಾಳಿ ಒತ್ತಡಕ್ಕೆ ಸಿಕ್ಕಿ ಬಿಸಿಯಾಗುತ್ತದೆ. ಹೀಗೆ ಓರೆಯ ಗಾಳಿಯೇ ಕಣಿವೆಯನ್ನೆಲ್ಲ ಬೆಚ್ಚಗೆ ಮಾಡುವ ಯಂತ್ರವಾಗುತ್ತದೆ.

ಇದರ ಪರಿಣಾಮವನ್ನು ಲೆಕ್ಕ ಹಾಕುವುದು ಕಷ್ಟವಲ್ಲ. 2,000 ಮೀಟರ್ ಎತ್ತರದ ಗಾಳಿಯ ಕಂಬ ನೆಲದ ಮೇಲೆ ಹಾಕುವ ಒತ್ತಡ ಸುಮಾರು 200 ಹೆಕ್ಟೊಪಾಸ್ಕಲ್. ಕಣಿವೆಯ ಕಂಬ ಬಯಲಿನ ಕಂಬಕ್ಕಿಂತ ಸರಾಸರಿ 3 ಡಿಗ್ರಿ ಬೆಚ್ಚಗಿದ್ದರೆ ಅದರ ಸಾಂದ್ರತೆ ನೂರಕ್ಕೆ ಒಂದರಷ್ಟು ಕಡಿಮೆ, ಅಂದರೆ ತಳದಲ್ಲಿ 2 ಹೆಕ್ಟೊಪಾಸ್ಕಲ್ ಕಡಿಮೆ ಒತ್ತಡ. ಚಂಡಮಾರುತದ ಸುದ್ದಿ ಓದಿದವರಿಗೆ ಇದು ತೃಣಸಮಾನ. ಆದರೆ ಈ ವ್ಯತ್ಯಾಸ 100 ಕಿಲೊಮೀಟರ್ ದೂರದಲ್ಲಿ ಹರಡಿದ್ದು, ಘರ್ಷಣೆ ಇಲ್ಲವೆಂದು ಭಾವಿಸಿದರೆ, ನಿಂತ ಗಾಳಿ ಒಂದೇ ಗಂಟೆಯಲ್ಲಿ ಸೆಕೆಂಡಿಗೆ 7 ಮೀಟರ್ ವೇಗ ಪಡೆಯುತ್ತದೆ. ನಿಜವಾದ ಕಣಿವೆಗಳಲ್ಲಿ ಘರ್ಷಣೆ ಅದನ್ನು ತಡೆದು ಸಾಮಾನ್ಯವಾಗಿ 3ರಿಂದ 8 ಮೀಟರಿನ ನಡುವೆ ನಿಲ್ಲಿಸುತ್ತದೆ. ಹೀಗೆ ಬಯಲಿನ ಗಾಳಿ ಕಣಿವೆಯ ಬಾಯಿಯಲ್ಲಿ ಹೊಕ್ಕು ತಲೆಯತ್ತ ಸಾಗುವುದು ಬೆಟ್ಟದ ಮೈ ಬಿಸಿಯಾಗಿರುವುದರಿಂದಷ್ಟೇ ಅಲ್ಲ, ಕಣಿವೆಯೆಲ್ಲವೂ ಬಯಲಿಗಿಂತ ಬಿಸಿಯಾಗಿರುವುದರಿಂದ. ಕಣಿವೆಯ ತಳ ಏರುಪೇರಿಲ್ಲದೆ ಸಮತಟ್ಟಾಗಿದ್ದರೂ ಈ ಗಾಳಿ ಬೀಸುತ್ತದೆ.

ವಾಗ್ನರನ ವಾದಕ್ಕೆ ಮುಂದೆ ತಿದ್ದುಪಡಿಗಳೂ ಬಂದವು. ಕಣಿವೆಯ ಶಾಖವೆಲ್ಲ ಒಳಗೇ ಉಳಿಯುವುದಿಲ್ಲ. ಓರೆಯ ಗಾಳಿ ಅದರ ಒಂದು ಪಾಲನ್ನು ಬೆಟ್ಟಸಾಲಿನ ಆಚೆಗೆ ಸಾಗಿಸಿಬಿಡುತ್ತದೆ. ಆದ್ದರಿಂದ ಎರಡು ಪಟ್ಟು ಎಂಬುದನ್ನು ಅಕ್ಷರಶಃ ತೆಗೆದುಕೊಳ್ಳುವಂತಿಲ್ಲ.

ಓರೆಯ ಗಾಳಿಯೂ ಕಣಿವೆಗುಂಟದ ಗಾಳಿಯೂ ಹೊತ್ತು ತಪ್ಪಿ ನಡೆಯುವುದನ್ನು ಆಸ್ಟ್ರಿಯಾದವನೇ ಆದ ಫ್ರೀಡ್ರಿಶ್ ಡೆಫಾಂಟ್ 1949ರಲ್ಲಿ ಎಂಟು ಚಿತ್ರಗಳಲ್ಲಿ ತೋರಿಸಿದ. ಅವು ಇಂದಿಗೂ ಪಠ್ಯಗಳಲ್ಲಿವೆ. ಸೂರ್ಯ ಹುಟ್ಟಿ ಸ್ವಲ್ಪ ಹೊತ್ತಿಗೇ ಪೂರ್ವಕ್ಕೆ ಮುಖಮಾಡಿದ ಓರೆಗಳಲ್ಲಿ ಗಾಳಿ ಏರತೊಡಗುತ್ತದೆ. ಆಗ ಕಣಿವೆಯ ತಳದಲ್ಲಿ ರಾತ್ರಿಯ ಗಾಳಿ ಇನ್ನೂ ಬಯಲಿನತ್ತ ಇಳಿಯುತ್ತಲೇ ಇರುತ್ತದೆ. ಕಣಿವೆಯೆಲ್ಲ ಕಾಯಲು ಮೂರು ನಾಲ್ಕು ಗಂಟೆ ಬೇಕು. ಅಲ್ಲಿಂದ ಮುಂದೆ ತಳದ ಗಾಳಿ ತಿರುಗಿ ಮೇಲ್ಮುಖವಾಗುತ್ತದೆ, ಮಧ್ಯಾಹ್ನದ ನಂತರ ತನ್ನ ಉಚ್ಛ್ರಾಯದಲ್ಲಿರುತ್ತದೆ. ಸಂಜೆ ಓರೆಗಳು ನೆರಳಿಗೆ ಬಂದೊಡನೆ ಅಲ್ಲಿ ಇಳಿಗಾಳಿ ಶುರು. ಕಣಿವೆಗುಂಟದ ಗಾಳಿ ಮಾತ್ರ ಸೂರ್ಯ ಮುಳುಗಿದ ಮೇಲೂ ಗಂಟೆಗಟ್ಟಲೆ ಏರುತ್ತಲೇ ಇದ್ದು, ರಾತ್ರಿ ಬೆಳೆದ ಮೇಲೆ ಮಗುಚುತ್ತದೆ.

ಕಾಲಿ ಗಂಡಕಿಯ ಕಣಿವೆ

ಈ ಗಾಳಿಯನ್ನು ಅದರ ಅತಿಯಲ್ಲಿ ಕಾಣಬೇಕಾದರೆ ನೇಪಾಳದ ಕಾಲಿ ಗಂಡಕಿಗೆ ಹೋಗಬೇಕು. ಕರ್ನಾಟಕದ ಅನೇಕ ಮನೆಗಳ ದೇವರ ಪೆಟ್ಟಿಗೆಯಲ್ಲಿರುವ ಸಾಲಿಗ್ರಾಮ ಈ ನದಿಯ ಪಾತ್ರದ್ದು. ಮುಕ್ತಿನಾಥದ ಯಾತ್ರಿಕರು ಹಾದುಹೋಗುವುದೂ ಈ ಕಣಿವೆಯನ್ನೇ. 8,167 ಮೀಟರಿನ ಧವಳಗಿರಿ ಮತ್ತು 8,091 ಮೀಟರಿನ ಅನ್ನಪೂರ್ಣಾ ಶಿಖರಗಳ ನಡುವೆ, ಸುಮಾರು 2,500 ಮೀಟರ್ ಮಟ್ಟದಲ್ಲಿ ನದಿ ಹರಿಯುತ್ತದೆ. ಹಿಮಾಲಯದ ಗೋಡೆಯಲ್ಲಿ ಇದು ಉತ್ತರ ದಕ್ಷಿಣವಾಗಿ ಕೊರೆದ ಸೀಳು. ಸೀಳಿನ ದಕ್ಷಿಣಕ್ಕೆ ತಗ್ಗಿನ, ಹಸಿರಾದ, ತೇವದ ನೇಪಾಳ. ಉತ್ತರಕ್ಕೆ 3,800 ಮೀಟರ್ ಆಸುಪಾಸಿನ, ಮರಗಿಡ ವಿರಳವಾದ ಮುಸ್ತಾಂಗಿನ ಒಣ ಬೋಗುಣಿ.

ಒಣನೆಲದಲ್ಲಿ ಬಿಸಿಲಿನ ಶಾಖ ನೀರನ್ನು ಆವಿಮಾಡಲು ವ್ಯಯವಾಗದೆ ಬಹುಪಾಲು ಗಾಳಿಯನ್ನು ಕಾಯಿಸಲಿಕ್ಕೇ ಸಿಗುತ್ತದೆ. ಮುಸ್ತಾಂಗಿನ ಮೇಲಿನ ಗಾಳಿ ಹೊತ್ತೇರಿದಂತೆ ಕಾದು, ಅದೇ ಎತ್ತರದಲ್ಲಿ ದಕ್ಷಿಣ ನೇಪಾಳದ ಮೇಲಿರುವ ಗಾಳಿಗಿಂತ ಬಹಳ ಹಗುರವಾಗುತ್ತದೆ. ಆ ಕೊರತೆಯನ್ನು ತುಂಬಲು ದಕ್ಷಿಣದ ಗಾಳಿಗೆ ಇರುವ ಸಲೀಸಾದ ದಾರಿ ಈ ಸೀಳು. ಪರಿಣಾಮವಾಗಿ ಬೆಳಿಗ್ಗೆ ಶಾಂತವಾಗಿದ್ದ ಕಣಿವೆಯಲ್ಲಿ ಹತ್ತು ಹನ್ನೊಂದು ಗಂಟೆಯ ಹೊತ್ತಿಗೆ ದಕ್ಷಿಣದಿಂದ ಗಾಳಿ ಏಳುತ್ತದೆ. ಮಧ್ಯಾಹ್ನಕ್ಕೆ ಮರಳು, ಸಣ್ಣ ಜಲ್ಲಿ ಹಾರಿಬಂದು ಮುಖಕ್ಕೆ ಹೊಡೆಯುತ್ತದೆ. ಸಂಜೆಯವರೆಗೂ ಇದು ನಿಲ್ಲದು.

ಜರ್ಮನಿಯ ಯೋಸೆಫ್ ಎಗ್ಗರ್ ಮತ್ತು ಸಂಗಡಿಗರು 1990ರ ದಶಕದ ಕೊನೆಯಲ್ಲಿ ಕಣಿವೆಯುದ್ದಕ್ಕೂ ಬಲೂನು ಹಾರಿಸಿ, ಅವುಗಳ ಜಾಡು ಹಿಡಿದು ಈ ಗಾಳಿಯನ್ನು ಅಳೆದರು. ಮಾರ್ಫಾದಿಂದ ಛುಸಾಂಗ್‌ವರೆಗಿನ ಭಾಗದಲ್ಲಿ ಗಾಳಿ ಅತ್ಯಂತ ಬಿರುಸು: ಸೆಕೆಂಡಿಗೆ 15ರಿಂದ 20 ಮೀಟರ್, ಅಂದರೆ ಗಂಟೆಗೆ 54ರಿಂದ 72 ಕಿಲೊಮೀಟರ್. ಒಳನುಗ್ಗುವ ಪದರದ ದಪ್ಪ 1,000ದಿಂದ 2,000 ಮೀಟರ್. ಇನ್ನೂ ಉತ್ತರಕ್ಕೆ, ಮುಸ್ತಾಂಗಿನ ಬೋಗುಣಿ ತೆರೆದುಕೊಳ್ಳುವ ತಾಂಗೆಯ ಬಳಿ, ಅದು ತಟ್ಟನೆ ಕುಗ್ಗಿಬಿಡುತ್ತದೆ.

ಕಣಿವೆ ಅತಿ ಕಿರಿದಾದ ಲೇತೆಯ ಬಳಿ ಗಾಳಿ ಅತಿ ಜೋರಾಗಿರಬೇಕು ಎಂದು ಯಾರಿಗಾದರೂ ತೋರುತ್ತದೆ. ಹಾಗಿಲ್ಲ. ಇಕ್ಕಟ್ಟನ್ನು ದಾಟಿ ಕಣಿವೆ ಅಗಲವಾಗಿ, ನದಿ ಜಲ್ಲಿಯ ಬಯಲಿನಲ್ಲಿ ಕವಲೊಡೆಯುವ ಕಡೆ ಅದು ಹೆಚ್ಚು ವೇಗ ಪಡೆಯುತ್ತದೆ. ಕಟ್ಟೆಯ ಮೇಲೆ ತುಂಬಿ ಬಂದ ನೀರು ಕಟ್ಟೆಯ ಕೆಳಬದಿಯಲ್ಲಿ ತೆಳುವಾಗಿ ರಭಸದಿಂದ ನುಗ್ಗುವ ಹಾಗೆ, ಇಲ್ಲಿ ತಂಪಾದ, ಭಾರವಾದ ಗಾಳಿಯ ಪದರ ಇಕ್ಕಟ್ಟಿನ ಆಚೆಗೆ ತೆಳುವಾಗಿ ನುಗ್ಗುತ್ತದೆ. ಗಣಕ ಮಾದರಿಗಳಲ್ಲಿ ಕಣಿವೆಯ ಆಕಾರವನ್ನು ಬದಲಿಸಿ ನೋಡಿದ ಅಧ್ಯಯನಗಳೂ ಎತ್ತರದ ಬೋಗುಣಿಯ ಬಿಸಿ ಮತ್ತು ಕಣಿವೆಯ ಅಗಲದ ಏರಿಳಿತ ಎರಡೂ ಸೇರಿ ಈ ವೇಗವನ್ನು ಕೊಡುತ್ತವೆ ಎಂಬುದನ್ನು ತೋರಿಸಿವೆ.

ರಾತ್ರಿಯ ಗಾಳಿ ಇಲ್ಲಿ ನಿರಾಶೆ ಮಾಡುತ್ತದೆ. ಹಗಲಿನ ಏರುಗಾಳಿಗೆ ಸರಿಸಮನಾದ ಇಳಿಗಾಳಿಯನ್ನು ನಿರೀಕ್ಷಿಸಿದವರಿಗೆ ಸಿಕ್ಕಿದ್ದು, ಉತ್ತರದ ಲೋ ಮಾಂಥಾಂಗಿನ ಸುತ್ತ ಸಣ್ಣಗೆ ಜಾರುವ ತೆಳುಗಾಳಿ. ಹಗಲು ನೆಲದ ಶಾಖ ಗುಳ್ಳೆಗುಳ್ಳೆಯಾಗಿ ಎದ್ದು ಸಾವಿರಾರು ಮೀಟರ್ ದಪ್ಪದ ಗಾಳಿಯನ್ನು ಕಾಯಿಸುತ್ತದೆ. ರಾತ್ರಿಯ ತಂಪು ಹಾಗೆ ಮೇಲಕ್ಕೆ ಹಬ್ಬಲಾರದು, ನೆಲಕ್ಕೆ ಹತ್ತಿದ ಪದರದಲ್ಲೇ ಉಳಿಯುತ್ತದೆ. ಒತ್ತಡದ ವ್ಯತ್ಯಾಸ ಹುಟ್ಟುವುದು ಕಂಬದ ಒಟ್ಟು ತೂಕದಿಂದಾದ್ದರಿಂದ ತೆಳುಪದರದ ತಂಪಿಗೆ ದೊಡ್ಡ ಗಾಳಿ ಎಬ್ಬಿಸುವ ಶಕ್ತಿ ಇಲ್ಲ. ಹಗಲು ರಾತ್ರಿಗಳು ಒಂದಕ್ಕೊಂದು ಕನ್ನಡಿಯಂತಿವೆ ಎಂದು ಪಠ್ಯದ ಚಿತ್ರಗಳು ಹುಟ್ಟಿಸುವ ಭಾವನೆಯನ್ನು ಈ ಕಣಿವೆ ಸುಳ್ಳಾಗಿಸುತ್ತದೆ.

ಇಲ್ಲಿನ ಬದುಕು ಗಾಳಿಯ ವೇಳಾಪಟ್ಟಿಗೆ ಹೊಂದಿಕೊಂಡಿದೆ. ಸುಮಾರು 2,700 ಮೀಟರ್ ಎತ್ತರದ ಜೋಮ್ಸೋಮ್ ವಿಮಾನ ನಿಲ್ದಾಣಕ್ಕೆ ಪೋಖರಾದಿಂದ ಅರ್ಧ ಗಂಟೆಯೂ ಹಿಡಿಯದ ಹಾರಾಟ, ಅದೂ ಬೆಳಗಿನ ಹೊತ್ತು ಮಾತ್ರ. ಗಾಳಿ ಎದ್ದ ಮೇಲೆ ಸಣ್ಣ ವಿಮಾನ ಇಳಿಸುವುದು ಅಪಾಯ. ಮುಂಜಾನೆ ಪೋಖರಾದಲ್ಲಿ ಮಂಜು ಕವಿದು ಹೊರಡುವುದು ತಡವಾದರೆ, ಅಲ್ಲಿ ಮಂಜು ಕರಗುವ ಹೊತ್ತಿಗೆ ಇಲ್ಲಿ ಗಾಳಿ ಎದ್ದಿರುತ್ತದೆ, ಆ ದಿನದ ಯಾತ್ರೆ ತಪ್ಪುತ್ತದೆ. ಯಾತ್ರಿಕರು ಇದನ್ನು ದುರದೃಷ್ಟವೆನ್ನುತ್ತಾರೆ. ಅಸಲಿಗೆ ಎರಡೂ ಒಂದೇ ದಿನಚರಿಯ ಎರಡು ತುದಿಗಳು: ಮಂಜು ರಾತ್ರಿಯ ತಂಪಿನದು, ಗಾಳಿ ಹಗಲಿನ ಬಿಸಿಯದು. ಮಾರ್ಫಾದ ಥಕಾಲಿ ಜನರ ಮನೆಗಳು ಒಂದಕ್ಕೊಂದು ಅಂಟಿಕೊಂಡು, ಚಪ್ಪಟೆ ಮಾಳಿಗೆ, ಕಿರಿದಾದ ಕಲ್ಲುಹಾಸಿನ ಓಣಿಗಳಿಂದ ಗಾಳಿಗೆ ಮರೆ ಮಾಡಿಕೊಂಡಿವೆ. ಬಯಲಲ್ಲಿ ಬೆಳೆದ ಮರಗಳು ಉತ್ತರಕ್ಕೆ ಬಾಗಿವೆ, ದಕ್ಷಿಣ ಮಗ್ಗುಲಿನ ಕೊಂಬೆಗಳು ಮೊಟಕಾಗಿವೆ. ಜಪಾನಿನ ವಿಜ್ಞಾನಿಗಳು 1970ರ ದಶಕದಲ್ಲಿ ಇಂಥ ಮರಗಳ ಬಾಗನ್ನೇ ಓದಿ ಕಣಿವೆಯ ಯಾವ ಭಾಗದಲ್ಲಿ ಗಾಳಿ ಎಷ್ಟು ಬಲವಾಗಿದೆ ಎಂಬುದನ್ನು ಗುರುತಿಸಿದ್ದರು. 1989ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಕಾಗಬೇನಿಯಲ್ಲಿ ಒಟ್ಟು 20 ಕಿಲೊವಾಟ್ ಸಾಮರ್ಥ್ಯದ ಗಾಳಿಯಂತ್ರಗಳನ್ನು ನಿಲ್ಲಿಸಲಾಯಿತು. ಅದೇ ಗಾಳಿ ಕೆಲವೇ ತಿಂಗಳಲ್ಲಿ ಅವನ್ನು ಮುರಿದು ಹಾಕಿತು.

ಮೋಡ ಮತ್ತು ಮಳೆ

ಓರೆಗಳಲ್ಲಿ ಏರುವ ಗಾಳಿ ಎರಡು ಬದಿಯಿಂದಲೂ ಬಂದು ಬೆಟ್ಟಸಾಲಿನ ನೆತ್ತಿಯಲ್ಲಿ ಕೂಡುತ್ತದೆ. ಅದರಲ್ಲಿ ಸಾಕಷ್ಟು ತೇವವಿದ್ದರೆ ಹತ್ತು ಹನ್ನೊಂದರ ಹೊತ್ತಿಗೆ ನೆತ್ತಿಯ ಮೇಲೆ ಹತ್ತಿಯುಂಡೆಯಂಥ ಮೋಡಗಳು ಹುಟ್ಟುತ್ತವೆ, ಮಧ್ಯಾಹ್ನ ಗುಡುಗುತ್ತವೆ. ಅದೇ ವೇಳೆ ಕಣಿವೆಯ ನಡುವೆ ಮೇಲಿನ ಗಾಳಿ ಇಳಿಯುತ್ತಿರುವುದರಿಂದ ಅಲ್ಲಿ ಆಕಾಶ ತೆರೆದೇ ಇರುತ್ತದೆ. ಎರಡು ಬದಿಯ ಬೆಟ್ಟಗಳಿಗೂ ಮಳೆ, ನಡುವಿನ ನದಿತಳಕ್ಕೆ ಬಿಸಿಲು. ಜರ್ಮನ್ ಭೂಗೋಳಜ್ಞ ಕಾರ್ಲ್ ಟ್ರೋಲ್ ಬೊಲಿವಿಯಾ ಮತ್ತಿತರ ಉಷ್ಣವಲಯದ ಪರ್ವತಗಳಲ್ಲಿ ಇದನ್ನು ಗಮನಿಸಿ 1952ರಲ್ಲಿ ಬರೆದ. ಕಣಿವೆಯ ತಳದಲ್ಲಿ ಮುಳ್ಳುಗಿಡ, ಮೇಲಿನ ಓರೆಯಲ್ಲಿ ದಟ್ಟ ಕಾಡು ಇರುವ ವಿಚಿತ್ರಕ್ಕೆ ಈ ಗಾಳಿಗಳೇ ಕಾರಣವೆಂಬುದು ಅವನ ವಾದ. ಹಿಮಾಲಯದ ಒಣಕಣಿವೆಗಳಿಗೂ ಈ ವಿವರಣೆ ಅನ್ವಯಿಸಿತು.

ಕಾಲಿ ಗಂಡಕಿಯಲ್ಲಿ ಎರಡು ಕಾರಣಗಳನ್ನು ಬೇರ್ಪಡಿಸಿ ನೋಡಬೇಕು. ಅನ್ನಪೂರ್ಣಾದ ದಕ್ಷಿಣ ಮಗ್ಗುಲಿನ ಲುಮ್ಲೆಯಲ್ಲಿ ವರ್ಷಕ್ಕೆ 5,000 ಮಿಲಿಮೀಟರ್ ದಾಟಿ ಮಳೆ ಬಿದ್ದರೆ, ಪರ್ವತದ ಹಿಂದಿನ ಜೋಮ್ಸೋಮ್‌ನಲ್ಲಿ 300ರ ಆಸುಪಾಸು. ಈ ದೊಡ್ಡ ಅಂತರ ಮುಖ್ಯವಾಗಿ ಮಳೆನೆರಳಿನದು, ಅದನ್ನು ಕಣಿವೆ ಗಾಳಿಯ ಲೆಕ್ಕಕ್ಕೆ ಹಾಕಬಾರದು. ಆದರೆ ಜೋಮ್ಸೋಮ್‌ನ ನದಿತಳ ಬರಡಾಗಿರುವಾಗ ಅದೇ ಕಣಿವೆಯ ಮೇಲಿನ ಓರೆಗಳಲ್ಲಿ ಪೈನ್, ಭೂರ್ಜ ಮರಗಳು ನಿಂತಿರುವುದಕ್ಕೆ ಓರೆಗಾಳಿ ಒಯ್ದು ಕಟ್ಟುವ ಮೋಡವೂ, ತಳವನ್ನು ದಿನವೂ ಒಣಗಿಸುವ ಕಣಿವೆಗಾಳಿಯೂ ಕಾರಣ.

ರಾತ್ರಿಯ ಮಳೆಯಲ್ಲೂ ಈ ವ್ಯವಸ್ಥೆಯ ಪಾತ್ರವಿದೆ. ಮಳೆಗಾಲದಲ್ಲಿ ಹಿಮಾಲಯದ ತಪ್ಪಲಿನ ಅನೇಕ ಕಡೆ ಹೆಚ್ಚಿನ ಮಳೆ ಬೀಳುವುದು ನಡುರಾತ್ರಿಯಿಂದ ಬೆಳಗಿನ ಜಾವದವರೆಗೆ. ಕಣಿವೆಗಳಿಂದ ಇಳಿದು ಬರುವ ತಂಪುಗಾಳಿ ತಪ್ಪಲಿನಲ್ಲಿ ಮುಂಗಾರಿನ ತೇವದ ಗಾಳಿಗೆ ಎದುರಾಗಿ ಅದನ್ನು ಮೇಲೆತ್ತುವುದು ಇದಕ್ಕೊಂದು ಕಾರಣ.

ನಮ್ಮ ಪಶ್ಚಿಮ ಘಟ್ಟಗಳಲ್ಲಿ ಮುಂಗಾರು ಹಿಡಿದ ಮೇಲೆ ಈ ಗಾಳಿಗಳನ್ನು ಹುಡುಕುವುದು ವ್ಯರ್ಥ. ಅರಬ್ಬೀ ಸಮುದ್ರದಿಂದ ಎಡೆಬಿಡದೆ ಬೀಸುವ ಗಾಳಿಯಡಿ ಅವು ಹೂತುಹೋಗುತ್ತವೆ. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಮಾತ್ರ, ಕರಾವಳಿಯ ಕಡಲಗಾಳಿ ಮತ್ತು ಘಟ್ಟದ ಪಡುವಣ ಓರೆಯ ಏರುಗಾಳಿ ಒಂದೇ ದಿಕ್ಕಿನವಾದ್ದರಿಂದ ಕೂಡಿಕೊಂಡು ಬಲವಾಗುತ್ತವೆ. ಬೆಳಿಗ್ಗೆ ಬರಿದಾಗಿದ್ದ ಆಕಾಶದಲ್ಲಿ ಮಧ್ಯಾಹ್ನ ಘಟ್ಟದಂಚಿಗೆ ಮೋಡ ಏಳುವುದರಲ್ಲಿ, ಕಾಫಿ ಬೆಳೆಗಾರರು ಕಾಯುವ ಹೂಮಳೆಯಲ್ಲಿ ಇದರ ಕೈವಾಡವಿದೆ. ಮಳೆ ಬರುವುದೋ ಇಲ್ಲವೋ ಎಂಬುದು ಆ ದಿನ ಮೇಲಿನ ಗಾಳಿಯಲ್ಲಿರುವ ತೇವವನ್ನೂ ಅವಲಂಬಿಸಿರುವುದರಿಂದ ಬರೀ ಓರೆಗಾಳಿಯನ್ನು ನಂಬಿ ಯಾರೂ ಹೂಮಳೆಯ ದಿನ ಹೇಳಲಾರರು.

ತಗ್ಗಿನಲ್ಲಿ ನಿಲ್ಲುವ ತಂಪು

ರಾತ್ರಿ ಓರೆಗಳಿಂದ ಜಾರಿದ ಗಾಳಿಗೆ ಹೊರಹೋಗಲು ದಾರಿ ಕಿರಿದಾಗಿದ್ದರೆ, ಅಥವಾ ಇಲ್ಲವೇ ಇಲ್ಲದಿದ್ದರೆ, ಅದು ತಗ್ಗಿನಲ್ಲಿ ಮಡುಗಟ್ಟುತ್ತದೆ. ಆಗ ಎತ್ತರಕ್ಕೆ ಹೋದಂತೆ ತಂಪಾಗುವ ನಿಯಮ ತಿರುವುಮುರುವಾಗಿ ಮೇಲೆ ಬೆಚ್ಚಗೆ, ಕೆಳಗೆ ಚಳಿ ಎಂಬಂತಾಗುತ್ತದೆ. ಇದಕ್ಕೆ ಉಷ್ಣತಾ ವಿಲೋಮ ಎಂದು ಹೆಸರು. ಆಸ್ಟ್ರಿಯಾದ ಲುಂಟ್ಸ್ ಬಳಿಯ ಗ್ರ್ಯೂನ್‌ಲೋಖ್ ಎಂಬ ಸುಣ್ಣಕಲ್ಲಿನ ಕುಳಿ ಸುಮಾರು 1,270 ಮೀಟರ್ ಎತ್ತರದಲ್ಲಿದೆ. 1932ರ ಚಳಿಗಾಲದಲ್ಲಿ ಅಲ್ಲಿ ದಾಖಲಾದ ಉಷ್ಣತೆ ಸೊನ್ನೆಗಿಂತ 52.6 ಡಿಗ್ರಿ ಕೆಳಗೆ. ಸುತ್ತಲಿನ ಎತ್ತರದ ಶಿಖರಗಳಲ್ಲೂ ಅಂಥ ಚಳಿ ಇರುವುದಿಲ್ಲ. ಕುಳಿಯ ತಳದಲ್ಲಿ ಮರ ಬೆಳೆಯದು, ಅಂಚಿನ ಮೇಲೆ ಬೆಳೆಯುತ್ತದೆ. ಸಾಮಾನ್ಯ ಬೆಟ್ಟಗಳಲ್ಲಿ ಕಾಣುವ ಮರಗಳ ಮೇಲಿನ ಎಲ್ಲೆ ಇಲ್ಲಿ ಬುಡಮೇಲಾಗಿದೆ.

ಇಲ್ಲೊಂದು ತಪ್ಪು ಕಲ್ಪನೆಯನ್ನು ಸರಿಪಡಿಸಬೇಕು. ತಗ್ಗಿನ ಚಳಿಯೆಲ್ಲ ಮೇಲಿನಿಂದ ಹರಿದು ಬಂದದ್ದಲ್ಲ. ಜಾರುವ ಗಾಳಿ ಒತ್ತಡಕ್ಕೆ ಸಿಕ್ಕಿ ಬಿಸಿಯಾಗುತ್ತಲೇ ಇಳಿಯುತ್ತದೆ, ಆದ್ದರಿಂದ ಹರಿವು ಜೋರಾಗಿದ್ದಲ್ಲಿ ಚಳಿ ಕಡಿಮೆಯೇ. ಅತಿ ಚಳಿ ಹುಟ್ಟುವುದು ಸುತ್ತಲಿನ ಗೋಡೆಗಳ ಮರೆಯಲ್ಲಿ ಗಾಳಿ ನಿಂತು, ಮೇಲಿನ ಬೆಚ್ಚನೆ ಗಾಳಿಯೊಡನೆ ಬೆರೆಯದೆ, ನೆಲ ರಾತ್ರಿಯಿಡೀ ಶಾಖ ಕಳೆದುಕೊಂಡಾಗ.

ದಕ್ಷಿಣ ಭಾರತದಲ್ಲಿ ಇದನ್ನು ನೀಲಗಿರಿಯಲ್ಲಿ ನೋಡಬಹುದು. ಡಿಸೆಂಬರ್–ಜನವರಿಯ ತಿಳಿಯಾದ ರಾತ್ರಿಗಳಲ್ಲಿ ಉದಕಮಂಡಲದ ಸುತ್ತ ತಲೈಕುಂದಾ, ಕಾಂದಲ್‌ನಂಥ ತಗ್ಗುಗಳ ಹುಲ್ಲಿನ ಮೇಲೆ ಬೆಳಗಾಗುವಷ್ಟರಲ್ಲಿ ಇಬ್ಬನಿ ಹೆಪ್ಪುಗಟ್ಟಿ ಬೆಳ್ಳಗಾಗಿರುತ್ತದೆ. ಚಹಾ ತೋಟಗಳಲ್ಲಿ ಎಲೆ ಕಂದಿ ಸುಟ್ಟಂತಾಗುವುದು ಮೊದಲು ಹಳ್ಳದ ಬದಿಯ ಸಾಲುಗಳಲ್ಲಿ. ಅಂಥ ಕಡೆ ಗಿಡಗಳ ಮೇಲೆ ಸೊಪ್ಪು ಹೊದಿಸಿ, ನೀರು ಚಿಮುಕಿಸಿ ಕಾಪಾಡಿಕೊಳ್ಳುತ್ತಾರೆ. ನೀಲಗಿರಿಯ ಹುಲ್ಲುಗಾವಲಿನಲ್ಲಿ ಶೋಲಾ ಕಾಡಿನ ಸಸಿಗಳು ನೆಲೆಯೂರದಿರುವುದಕ್ಕೆ ಬಯಲ ಹಿಮವೂ ಒಂದು ಕಾರಣವೆಂದು ಅರಣ್ಯಶಾಸ್ತ್ರಜ್ಞರು ಬಹುಕಾಲದಿಂದ ವಾದಿಸಿದ್ದಾರೆ. ಬೆಂಕಿ, ಮೇಯಿಸುವಿಕೆಗಳ ಪಾಲೂ ಇರುವುದರಿಂದ ಆ ಚರ್ಚೆ ಮುಗಿದಿಲ್ಲ.

ಮಡುವಿನ ಮೇಲಂಚಿನಿಂದ ತುಸು ಮೇಲಕ್ಕೆ, ಓರೆಯ ನಡುಭಾಗದಲ್ಲಿ, ತಳಕ್ಕಿಂತಲೂ ನೆತ್ತಿಗಿಂತಲೂ ಬೆಚ್ಚಗಿರುವ ಪಟ್ಟಿಯೊಂದಿರುತ್ತದೆ. ತಿಳಿ ರಾತ್ರಿಗಳಲ್ಲಿ ತಳಕ್ಕೂ ಇದಕ್ಕೂ 5ರಿಂದ 10 ಡಿಗ್ರಿಯ ಅಂತರ ಅಪರೂಪವಲ್ಲ. ಆಲ್ಪ್ಸ್‌ನಲ್ಲಿ ಹಳ್ಳಿ, ಹಣ್ಣಿನ ತೋಟಗಳು ಈ ಪಟ್ಟಿಯನ್ನು ಆರಿಸಿಕೊಂಡಿವೆ. ಕೊಡಗು, ಚಿಕ್ಕಮಗಳೂರುಗಳಲ್ಲಿ ಚಳಿಗಾಲದ ಬೆಳಿಗ್ಗೆ ಗದ್ದೆಬಯಲಿನ ಮೇಲೆ ಮಂಜು ಹಾಸಿಕೊಂಡಿದ್ದು, ಓರೆಯ ಕಾಫಿ ತೋಟ ಅದರ ಮೇಲೆ ಬಿಸಿಲಿನಲ್ಲಿರುವುದೂ ಇದೇ ವ್ಯವಸ್ಥೆಯ ಸೌಮ್ಯ ರೂಪ. ಗದ್ದೆಯ ನೀರಿನ ತೇವವೂ ಅಲ್ಲಿ ನೆರವಾಗುತ್ತದೆ.

ಹೊಗೆ

ತಂಪಿನ ಮಡುವಿನೊಳಗೆ ಬಿಟ್ಟ ಹೊಗೆ ಅದರ ಮುಚ್ಚಳ ದಾಟಿ ಹೋಗಲಾರದು. ಕೆನಡಾದ ಟ್ರೇಲ್ ಪಟ್ಟಣದ ಲೋಹ ಕರಗಿಸುವ ಕಾರ್ಖಾನೆಯ ಗಂಧಕದ ಹೊಗೆ ಕೊಲಂಬಿಯಾ ನದಿಯ ಕಣಿವೆಗುಂಟ ಗಡಿ ದಾಟಿ ಅಮೆರಿಕದ ರೈತರ ಬೆಳೆ ಸುಟ್ಟಿತು. ಆ ವ್ಯಾಜ್ಯದ ತೀರ್ಪು 1938 ಮತ್ತು 1941ರಲ್ಲಿ ಎರಡು ಹಂತವಾಗಿ ಬಂತು, ಅಂತರರಾಷ್ಟ್ರೀಯ ಪರಿಸರ ಕಾನೂನಿನಲ್ಲಿ ಅದು ಹೆಸರುವಾಸಿ. ವಿಚಾರಣೆಗಾಗಿ ನಡೆದ ಅಳತೆಗಳಲ್ಲಿ ಒಂದು ಸೋಜಿಗ ಕಂಡಿತು. ಕಾರ್ಖಾನೆಯಿಂದ ಬೇರೆ ಬೇರೆ ದೂರದ ಊರುಗಳಲ್ಲಿ ಹೊಗೆ ಹೆಚ್ಚುಕಡಿಮೆ ಒಂದೇ ವೇಳೆಗೆ, ಬೆಳಗಿನ ಹೊತ್ತು, ನೆಲಕ್ಕಿಳಿಯುತ್ತಿತ್ತು. ರಾತ್ರಿ ಎತ್ತರದ ಚಿಮಣಿಯಿಂದ ಹೊರಟ ಹೊಗೆ ವಿಲೋಮ ಪದರದೊಳಗೆ ಪಟ್ಟಿಯಾಗಿ ಕಣಿವೆಯುದ್ದಕ್ಕೂ ಚಾಚಿಕೊಂಡಿರುತ್ತದೆ. ಬೆಳಿಗ್ಗೆ ನೆಲ ಕಾದು ಗಾಳಿ ಬೆರೆಯತೊಡಗಿದಾಗ ಆ ಪಟ್ಟಿಯೆಲ್ಲ ಒಟ್ಟಿಗೆ ಕೆಳಗೆ ಬೀಳುತ್ತದೆ.

ಕಾಠ್ಮಂಡು ಕಣಿವೆಯಲ್ಲಿ ಇಂದು ನಡೆಯುತ್ತಿರುವುದೂ ಇದರ ಇನ್ನೊಂದು ಪಾಠಾಂತರ. ಸುಮಾರು 1,300 ಮೀಟರ್ ಎತ್ತರದ ಬಟ್ಟಲು, ಸುತ್ತ 2,000 ಮೀಟರ್ ಮೀರಿದ ಬೆಟ್ಟಗಳು, ಬಾಗ್ಮತಿ ನದಿ ಹೊರಹೋಗುವ ಇಕ್ಕಟ್ಟಾದ ಒಂದು ಬಾಯಿ. ಚಳಿಗಾಲದಲ್ಲಿ ಇಲ್ಲಿನ ಗಾಳಿಯಲ್ಲಿ ಮಾಲಿನ್ಯ ದಿನಕ್ಕೆ ಎರಡು ಸಲ ಏರುತ್ತದೆ, ಬೆಳಿಗ್ಗೆ ಮತ್ತು ಸಂಜೆ. ವಾಹನ, ಒಲೆ, ಇಟ್ಟಿಗೆ ಗೂಡುಗಳ ಹೊಗೆಯೇ ಕಾರಣವೆಂದು ಸುಲಭವಾಗಿ ಹೇಳಬಹುದು. ಆದರೆ ನಡುಹಗಲಲ್ಲೂ ವಾಹನಗಳು ಓಡುತ್ತಲೇ ಇರುತ್ತವೆ, ಆಗ ಗಾಳಿ ತಿಳಿಯಾಗುತ್ತದೆ. ಏಕೆಂದರೆ ಮಧ್ಯಾಹ್ನದ ಹೊತ್ತಿಗೆ ಪಶ್ಚಿಮದ ಕಣಿವೆದಾರಿಗಳಿಂದಲೂ ಬಾಗ್ಮತಿಯ ಬಾಯಿಯಿಂದಲೂ ಗಾಳಿ ನುಗ್ಗಿ ಹೊಗೆಯನ್ನು ಪೂರ್ವದ ಬೆಟ್ಟಗಳಾಚೆಗೆ ತಳ್ಳುತ್ತದೆ. ಸಂಜೆ ಗಾಳಿ ನಿಂತೊಡನೆ ಹೊಗೆ ಮತ್ತೆ ಸೇರತೊಡಗುತ್ತದೆ. ರಾತ್ರಿ ಓರೆಗಳಿಂದ ಇಳಿದ ತಂಪುಗಾಳಿ ತಳದಲ್ಲಿ ತೂರಿಕೊಂಡು ಹಳೆಯ ಹೊಗೆಯನ್ನು ಮೇಲೆತ್ತುತ್ತದೆ. ಮರುದಿನ ಬೆಳಿಗ್ಗೆ ಆ ಹೊಗೆ ಕೆಳಗೆ ಬೆರೆತು ಹೊಸ ಹೊಗೆಗೆ ಕೂಡಿಕೊಳ್ಳುತ್ತದೆ. ಬೆಳಗಿನ ಓಟಕ್ಕೆ ಹೊರಡುವವರು ಅಲ್ಲಿ ಆರಿಸಿಕೊಳ್ಳುವುದು ದಿನದ ಅತಿ ಕೆಟ್ಟ ಗಳಿಗೆಯನ್ನು.

ಅಪವಾದಗಳು, ಗುರುತಿಸುವ ಬಗೆ

ಸ್ವಿಟ್ಜರ್ಲೆಂಡಿನ ಮೇಲಣ ಎಂಗಾಡೀನ್ ಕಣಿವೆಯಲ್ಲಿ ಹಗಲಿನ ಗಾಳಿ ಮೇಲ್ಮುಖವಾಗುವ ಬದಲು ಕೆಳಮುಖವಾಗಿ ಬೀಸುತ್ತದೆ. ಇದೇ ಪ್ರಸಿದ್ಧವಾದ ಮಾಲೋಯಾ ಗಾಳಿ. ಕಣಿವೆಯ ತಲೆಯಲ್ಲಿ ಎತ್ತರದ ಗೋಡೆಯ ಬದಲು ತಗ್ಗಿನ ದಾರಿಯಿದ್ದು, ಆಚೆ ಬದಿಯ ಬ್ರೆಗಾಲಿಯಾ ಕಣಿವೆಯ ಏರುಗಾಳಿ ಅದನ್ನು ದಾಟಿ ಈಚೆಗೆ ಸುರಿಯುವುದು ಇದಕ್ಕೆ ಕಾರಣ. ಹಿಮನದಿಗಳ ಮೇಲೆ ನಡುಹಗಲಲ್ಲೂ ತಂಪುಗಾಳಿ ಇಳಿಯುತ್ತಲೇ ಇರುತ್ತದೆ, ಏಕೆಂದರೆ ಮಂಜುಗಡ್ಡೆಯ ಮೈ ಕರಗುವ ಬಿಂದುವನ್ನು ಮೀರಿ ಕಾಯುವುದಿಲ್ಲ. ಪರ್ವತ ದಾಟಿ ಬಿಸಿಯಾಗಿ ಇಳಿಯುವ ಫೋನ್ ಗಾಳಿ ದೊಡ್ಡ ಹವಾ ವ್ಯವಸ್ಥೆಯ ಕೂಸು. ಅದು ರಾತ್ರಿಯಲ್ಲಿ ಬೀಸಿದರೂ ಗಿರಿ ಮಾರುತವಲ್ಲ. ಮುಟ್ಟಿದರೆ ಗೊತ್ತಾಗುತ್ತದೆ: ಗಿರಿ ಮಾರುತ ಬಂದಾಗ ಚಳಿ, ಫೋನ್ ಬಂದಾಗ ಒಣ ಬಿಸಿ.

ಒಂದು ಊರಿನ ಗಾಳಿ ಈ ಜಾತಿಯದೇ ಎಂದು ತಿಳಿಯಲು ಒಂದು ದಿನದ ದಾಖಲೆ ಸಾಲದು. ಮೋಡವಿಲ್ಲದ ಅನೇಕ ದಿನಗಳ ಗಂಟೆಗಂಟೆಯ ದಿಕ್ಕನ್ನು ಒಟ್ಟಿಗೆ ಇಟ್ಟು ನೋಡಿದಾಗ, ದಿಕ್ಕು ದಿನವೂ ಅದೇ ಹೊತ್ತಿಗೆ ಮಗುಚುತ್ತಿರಬೇಕು, ಮೋಡ ಕವಿದ ದಿನ ಮಗುಚದೆ ಇರಬೇಕು. ಹವಾ ಮುನ್ಸೂಚನೆಯ ಗಣಕ ಮಾದರಿಗಳು ಇಲ್ಲಿ ಎಡವುವುದು ನೆಲವನ್ನು ಚೌಕಗಳಾಗಿ ಭಾಗಿಸುವಲ್ಲಿ. ಚೌಕದ ಬದಿ ಹತ್ತಿಪ್ಪತ್ತು ಕಿಲೊಮೀಟರ್ ಆಗಿದ್ದರೆ ಮೂರು ನಾಲ್ಕು ಕಿಲೊಮೀಟರ್ ಅಗಲದ ಕಣಿವೆ ಮಾದರಿಯಲ್ಲಿ ಇರುವುದೇ ಇಲ್ಲ, ಬೆಟ್ಟವೂ ಕಣಿವೆಯೂ ಸರಾಸರಿಯಾಗಿ ಒಂದು ದಿಬ್ಬವಾಗಿಬಿಡುತ್ತವೆ. ಕಣಿವೆಗುಂಟದ ಗಾಳಿ ಮೂಡಲು ಒಂದು ಕಿಲೊಮೀಟರ್ ಅಥವಾ ಅದಕ್ಕಿಂತ ಸಣ್ಣ ಚೌಕ ಬೇಕು. ರಾತ್ರಿಯ ತೆಳು ಇಳಿಗಾಳಿಗೆ ಅದೂ ದೊಡ್ಡದಾಯಿತು. ಆದ್ದರಿಂದ ಬೆಟ್ಟದೂರುಗಳ ಕನಿಷ್ಠ ಉಷ್ಣತೆಯ ಮುನ್ಸೂಚನೆ ಚಳಿಗಾಲದ ತಿಳಿ ರಾತ್ರಿಗಳಲ್ಲಿ ಹಲವು ಡಿಗ್ರಿ ತಪ್ಪುವುದುಂಟು, ಅದರಲ್ಲೂ ತಗ್ಗಿನ ಹೊಲಗಳಿಗೆ.